ಸ್ಕ್ರೀನಿಂಗ್‌ಗೆ ಏಳೇ ದಿನ ಉಳಿದಾಗ

ಟೆಕ್ನಿಕಲ್ ಸ್ಕ್ರೀನಿಂಗ್ ಮುಂದಿನ ವಾರ ಎಂಬ ಮೇಲ್ ಬಂದ ಕೂಡಲೇ ಅನೇಕರು ನೂರಾರು ಪ್ರಾಬ್ಲಂಗಳ ಪಟ್ಟಿ ಹಿಡಿದು ಮೊದಲಿನಿಂದ ಬಿಡಿಸಲು ಕೂರುತ್ತಾರೆ. ಮೂರನೇ ದಿನದ ಹೊತ್ತಿಗೆ ಮೊದಲ ದಿನ ಮಾಡಿದ್ದು ಮರೆತಿರುತ್ತದೆ. ಈ ಸುತ್ತು ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯದು. ಪ್ರಶ್ನೆ ಒಂದೋ ಎರಡೋ. ಎದುರಿಗಿರುವವರು ಕೋಡ್ ನೋಡುವುದರ ಜೊತೆಗೆ ನಿಮ್ಮ ಯೋಚನೆಯ ದಾರಿಯನ್ನೂ ಕೇಳಿಸಿಕೊಳ್ಳುತ್ತಾರೆ. ಹಾಗಾಗಿ ವಾರವಷ್ಟೇ ಇದ್ದಾಗ ಕೆಲವೇ ಪ್ರಾಬ್ಲಂಗಳನ್ನು ಬುಡಮಟ್ಟ ಅರ್ಥಮಾಡಿಕೊಳ್ಳುವುದೇ ಲೇಸು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಎಷ್ಟು ಬುಡಮಟ್ಟ ಎಂಬುದಕ್ಕೆ ಒಂದು ಉದಾಹರಣೆ ನೋಡೋಣ.

ಒಂದು ಅರೇಯಲ್ಲಿ ಸಂಖ್ಯೆಗಳಿವೆ. ಯಾವ ಎರಡನ್ನು ಕೂಡಿದರೆ ಗುರಿಸಂಖ್ಯೆ ಬರುತ್ತದೆ ಎಂದು ಹೇಳಬೇಕು. ಮೊದಲು ಹೊಳೆಯುವುದು ಪ್ರತಿಯೊಂದನ್ನೂ ಉಳಿದವುಗಳ ಜೊತೆ ಕೂಡಿ ನೋಡುವ ದಾರಿ. ಅದನ್ನು ಬಾಯಿಬಿಟ್ಟು ಹೇಳಿ, ಆದರೆ ಬರೆಯುವ ಮೊದಲು ಅರೇ ಎಷ್ಟು ದೊಡ್ಡದಿರಬಹುದು ಎಂದು ಕೇಳಿ. 1,00,000 ಸಂಖ್ಯೆಗಳಿದ್ದರೆ ಜೋಡಿಗಳು ಸುಮಾರು 500 ಕೋಟಿ. ವೇಗದ ಭಾಷೆಯಲ್ಲೂ ಸೆಕೆಂಡಿಗೆ ಸುಮಾರು 10 ಕೋಟಿ ಸರಳ ಹೆಜ್ಜೆ ಎಂಬ ಅಂದಾಜಿನಲ್ಲಿ ನಡೆಯುವುದು ರೂಢಿ. ಅಂದರೆ ಈ ದಾರಿ ಸಾಗದು ಎಂದು ಕೋಡ್ ಬರೆಯುವ ಮೊದಲೇ ಗೊತ್ತಾಯಿತು.

ಇನ್ನೊಂದು ದಾರಿಯಲ್ಲಿ, ಹಾದು ಬಂದ ಪ್ರತಿ ಸಂಖ್ಯೆಯನ್ನೂ ಅದರ ಸ್ಥಾನದ ಸಮೇತ ಹ್ಯಾಶ್ ಮ್ಯಾಪ್‌ನಲ್ಲಿ ಇಟ್ಟುಕೊಳ್ಳುತ್ತೇವೆ. ಎಷ್ಟೇ ಸಂಖ್ಯೆಗಳಿದ್ದರೂ ಬೇಕಾದದ್ದು ಅಲ್ಲಿ ಇದೆಯೇ ಎಂದು ನೋಡಲು ಸರಾಸರಿ ಒಂದೇ ಸಮ ಹೊತ್ತು ಸಾಕು. ಪೈಥಾನ್‌ನಲ್ಲಿ ಹೀಗೆ:

```
def two_sum(a, target):
    seen = {}
    for i, x in enumerate(a):
        if target - x in seen:
            return [seen[target - x], i]
        seen[x] = i
```

ಇಲ್ಲಿ ಕೊನೆಯ ಸಾಲಿನ ಜಾಗವೇ ಮುಖ್ಯ. ಅರೇ 5, 8, 3, 7, ಗುರಿ 10 ಎಂದುಕೊಳ್ಳಿ. ಮೊದಲು ಇಟ್ಟು ಆಮೇಲೆ ಹುಡುಕಿದರೆ 5ಕ್ಕೆ ಬೇಕಾದ ಇನ್ನೊಂದು 5 ಎಂದು ಅದು ತನ್ನನ್ನೇ ಕಂಡು, 0 ಮತ್ತು 0 ಎಂಬ ತಪ್ಪು ಉತ್ತರ ಕೊಡುತ್ತದೆ. ಮೊದಲು ಹುಡುಕಿ ಆಮೇಲೆ ಇಟ್ಟರೆ 3 ಮತ್ತು 7 ಸಿಕ್ಕಿ 2, 3 ಎಂಬ ಸರಿಯಾದ ಸ್ಥಾನಗಳು ಬರುತ್ತವೆ. ಗುರಿಯ ಅರ್ಧದಷ್ಟಿರುವ ಸಂಖ್ಯೆಯೊಂದನ್ನು ಪರೀಕ್ಷೆಗೆ ಸೇರಿಸಿಕೊಂಡವರಿಗೆ ಮಾತ್ರ ಈ ತಪ್ಪು ಕಣ್ಣಿಗೆ ಬೀಳುತ್ತದೆ. ಅನೇಕ ಕಡೆ ಕೋಡ್ ರನ್ ಮಾಡಲು ಬಿಡುವುದಿಲ್ಲ. ಆದ್ದರಿಂದ ಕಾಗದದ ಮೇಲೆ ಪ್ರತಿ ಸುತ್ತಿನಲ್ಲೂ `seen` ಒಳಗೆ ಏನಿದೆ ಎಂದು ಬರೆಯುತ್ತಾ ಹೋಗುವುದನ್ನು ಈ ವಾರವೇ ರೂಢಿಸಿಕೊಳ್ಳಬೇಕು.

ಇದು ಗಟ್ಟಿಯಾದರೆ ಇನ್ನೊಂದು ಪ್ರಶ್ನೆಯೂ ಸುಲಭವಾಗುತ್ತದೆ: ಅರೇಯ ಅಕ್ಕಪಕ್ಕದ ಎಷ್ಟು ತುಂಡುಗಳ ಮೊತ್ತ 3 ಆಗುತ್ತದೆ? 1, 2, 3 ಎಂಬ ಅರೇಯನ್ನು ಕೂಡುತ್ತಾ ಹೋದರೆ ಮೊತ್ತಗಳು 1, 3, 6. ಪ್ರತಿ ಹೆಜ್ಜೆಯಲ್ಲೂ ಈಗಿನ ಮೊತ್ತಕ್ಕಿಂತ 3 ಕಡಿಮೆಯ ಮೊತ್ತ ಹಿಂದೆ ಎಷ್ಟು ಸಲ ಬಂದಿತ್ತು ಎಂದು ಮ್ಯಾಪ್‌ನಲ್ಲಿ ನೋಡಬೇಕು. 6ರ ಬಳಿ ಹಿಂದಿನ 3 ಸಿಗುತ್ತದೆ. ಆದರೆ 3ರ ಬಳಿ ಬೇಕಾಗಿರುವುದು 0. ಏನನ್ನೂ ಕೂಡುವ ಮೊದಲಿನ ಆ ಸೊನ್ನೆಯನ್ನು ಮ್ಯಾಪ್‌ನಲ್ಲಿ ಮೊದಲೇ ಇಡದಿದ್ದರೆ 1, 2 ಎಂಬ ತುಂಡು ಕೈತಪ್ಪಿ, ಉತ್ತರ 2ರ ಬದಲು 1 ಆಗುತ್ತದೆ.

ಅದಕ್ಕೇ ನಾನು ಮೊದಲ ಎರಡು ದಿನಗಳನ್ನು ಅರೇ, ಸ್ಟ್ರಿಂಗ್, ಹ್ಯಾಶ್ ಮ್ಯಾಪ್‌ಗಳಿಗೇ ಕೊಡಿ ಎನ್ನುತ್ತೇನೆ. ಸ್ಟ್ಯಾಕ್ ಮತ್ತು ಕ್ಯೂಗೆ ಒಂದು ದಿನ, ಟ್ರೀ ಮತ್ತು ಗ್ರಾಫ್‌ನಲ್ಲಿ ಅಡ್ಡಾಡುವ ಎರಡು ಬಗೆಗಳಿಗೆ ಎರಡು ದಿನ ಸಾಕು. ಆರನೇ ದಿನ ಗೆಳೆಯರೊಬ್ಬರನ್ನು ಕೂರಿಸಿಕೊಂಡು, ಗಡಿಯಾರ ಇಟ್ಟು, ಗಟ್ಟಿಯಾಗಿ ವಿವರಿಸುತ್ತಾ ಬಿಡಿಸಿ. ಸೆಗ್ಮೆಂಟ್ ಟ್ರೀ, ರೆಡ್-ಬ್ಲ್ಯಾಕ್ ಟ್ರೀ ಬರೆಯುವುದನ್ನು ಈ ವಾರ ಕೈಬಿಡಿ. ಹೀಪ್ ಅನ್ನು ಲೈಬ್ರರಿಯಿಂದ ಬಳಸಲು ಬಂದರೆ ಸಾಕು.

ಒಂದು ಪ್ರಾಬ್ಲಂ ಅರ್ಧ ಗಂಟೆಯಾದರೂ ಬಗ್ಗದಿದ್ದರೆ ಉತ್ತರ ಓದಿ, ಅದಕ್ಕೆ ನಾಚಿಕೆ ಬೇಡ. ಆದರೆ ಮರುದಿನ ಬೆಳಿಗ್ಗೆ ಖಾಲಿ ಪುಟದಲ್ಲಿ ಅದನ್ನೇ ನೋಡದೆ ಬರೆಯಿರಿ. ಬರೆಯಲಾಗದಿದ್ದರೆ ಓದಿದ್ದು ಒಳಗಿಳಿದಿಲ್ಲ ಎಂದರ್ಥ. ಅಂಥವನ್ನೇ ಗುರುತು ಹಾಕಿಟ್ಟುಕೊಂಡು ಏಳನೇ ದಿನ ಅವನ್ನಷ್ಟೇ ಮಾಡಿ.

ಪೈಥಾನ್ ಬಳಸುವವರು ಅದೇ ದಿನ ಎರಡು ಸಂಗತಿ ನೋಡಿಕೊಳ್ಳಲಿ. ಲಿಸ್ಟ್ ಅನ್ನು ಕ್ಯೂ ಮಾಡಿಕೊಂಡು `pop(0)` ಎಂದರೆ ಉಳಿದ ಅಂಶಗಳೆಲ್ಲ ಒಂದೊಂದು ಸ್ಥಾನ ಮುಂದೆ ಸರಿಯಬೇಕಾಗಿ ಕೋಡ್ ನಿಧಾನವಾಗುತ್ತದೆ. ಅಲ್ಲಿ `collections.deque` ಮತ್ತು ಅದರ `popleft()` ಬೇಕು. ಇನ್ನು ರಿಕರ್ಷನ್‌ನ ಮಿತಿ ಸಾಮಾನ್ಯವಾಗಿ 1000 ಇರುತ್ತದೆ. ಟ್ರೀ ಒಂದೇ ಬದಿಗೆ ಅದಕ್ಕಿಂತ ಆಳವಾಗಿ ಬೆಳೆದಿದ್ದರೆ ತರ್ಕ ಸರಿಯಿದ್ದರೂ `RecursionError` ಬರುತ್ತದೆ. ಅದನ್ನು ಸಂದರ್ಶಕರಿಗೆ ನೀವಾಗಿಯೇ ಹೇಳಿ, ಸ್ಟ್ಯಾಕ್ ಬಳಸಿ ಲೂಪ್‌ನಲ್ಲಿ ಬರೆದು ತೋರಿಸಲೇ ಎಂದು ಕೇಳಬಹುದು.