ಇಲಿಗೆ ಮೂರು ವರ್ಷ, ತಿಮಿಂಗಿಲಕ್ಕೆ ಇನ್ನೂರು ವರ್ಷ: ಏಕೆ?

ಪಂಜರದಲ್ಲಿಟ್ಟು, ಹೊತ್ತುಹೊತ್ತಿಗೆ ಕಾಳು ನೀರು ಕೊಟ್ಟು ಸಾಕಿದರೂ ಸುಂಡಿಲಿ ಮೂರು ವರ್ಷ ದಾಟುವುದು ಅಪರೂಪ. ಎರಡು ತುಂಬುವಷ್ಟರಲ್ಲೇ ಅದರ ರೋಮ ಉದುರುತ್ತದೆ, ಬೆನ್ನು ಬಾಗುತ್ತದೆ, ಒಡಲಲ್ಲಿ ಗಡ್ಡೆಗಳು ಬೆಳೆಯುತ್ತವೆ. ಅತ್ತ ಸೇಂಟ್ ಹೆಲೆನಾ ದ್ವೀಪದ ಜೊನಾಥನ್ ಎಂಬ ಆಮೆ ಹುಟ್ಟಿದ್ದು ಸುಮಾರು 1832ರಲ್ಲಿ ಎಂಬ ಅಂದಾಜಿದೆ. ಉತ್ತರ ಧ್ರುವದ ಬಳಿಯ ಬೋಹೆಡ್ ತಿಮಿಂಗಿಲಗಳು ಇನ್ನೂರು ವರ್ಷವನ್ನೂ ಮೀರಿ ಬದುಕಬಲ್ಲವು.

ಸಣ್ಣ ದೇಹ ಬೇಗ ಸವೆಯುತ್ತದೆ ಎಂದು ಹೇಳಿ ಮುಗಿಸುವಂತಿಲ್ಲ. ಸೈಬೀರಿಯಾದಲ್ಲಿ ಗುರುತಿನ ಬಳೆ ತೊಡಿಸಿ ಬಿಟ್ಟಿದ್ದ ಒಂದು ಬಾವಲಿ 41 ವರ್ಷಗಳ ಬಳಿಕ ಜೀವಂತವಾಗಿ ಸಿಕ್ಕಿತು. ಆ ಜಾತಿಯ ಬಾವಲಿ ಇಲಿಗಿಂತಲೂ ಹಗುರ. ಆದರೆ ಅದಕ್ಕೆ ಹಾರಿ ತಪ್ಪಿಸಿಕೊಳ್ಳಲು ರೆಕ್ಕೆಗಳಿವೆ. ಆಮೆಗೆ ಚಿಪ್ಪಿದೆ, ತಿಮಿಂಗಿಲಕ್ಕೆ ಭಾರೀ ಗಾತ್ರವಿದೆ. ಇಲಿಗೆ ಇವು ಯಾವುವೂ ಇಲ್ಲ. ಬಯಲಿನಲ್ಲಿ ಹೆಚ್ಚಿನ ಇಲಿಗಳು ವರ್ಷ ತುಂಬುವ ಮೊದಲೇ ಹಾವು, ಗೂಬೆ, ಚಳಿ, ಹಸಿವಿಗೆ ಬಲಿಯಾಗುತ್ತವೆ. ಹಾಗಾಗಿ ಮೂರನೆಯ ವರ್ಷದಲ್ಲಿ ತೊಂದರೆ ಕೊಡುವ ದೋಷವೊಂದು ವಂಶವಾಹಿಯಲ್ಲಿದ್ದರೂ ಅದು ಸೋಸಿಹೋಗುವುದಿಲ್ಲ. ಅಷ್ಟರೊಳಗೆ ಮರಿಗಳು ಹುಟ್ಟಿ, ದೋಷ ಅವುಗಳಿಗೂ ದಾಟಿರುತ್ತದೆ. ಬ್ರಿಟನ್ನಿನ ಜೀವವಿಜ್ಞಾನಿ ಪೀಟರ್ ಮೆಡಾವರ್ 1950ರ ದಶಕದ ಆರಂಭದಲ್ಲೇ ಈ ವಾದ ಮುಂದಿಟ್ಟಿದ್ದರು. ಇಂಥ ಬದುಕಿನಲ್ಲಿ ದೇಹದ ರಿಪೇರಿಗೆ ಶಕ್ತಿ ಸುರಿಯುವುದಕ್ಕಿಂತ ಬೇಗ ಬೇಗ ಮರಿ ಹಾಕುವುದೇ ಲಾಭ.

ಇದನ್ನು ಕಾಡಿನಲ್ಲೇ ಪರೀಕ್ಷಿಸಲು ಹೊರಟವರು ಅಮೆರಿಕದ ಸ್ಟೀವನ್ ಆಸ್ಟಡ್. ಜಾರ್ಜಿಯಾ ಕರಾವಳಿಯ ಸಪೆಲೊ ದ್ವೀಪ ಸಾವಿರಾರು ವರ್ಷಗಳ ಹಿಂದೆಯೇ ಮುಖ್ಯಭೂಮಿಯಿಂದ ಬೇರ್ಪಟ್ಟಿತ್ತು. ಅಲ್ಲಿನ ಅಪೋಸಮ್‌ಗಳಿಗೆ, ಅಂದರೆ ಬೆಕ್ಕಿನ ಗಾತ್ರದ, ಹೊಟ್ಟೆಯ ಚೀಲದಲ್ಲಿ ಮರಿ ಸಾಕುವ ಪ್ರಾಣಿಗಳಿಗೆ, ಬೇಟೆಗಾರ ಮೃಗಗಳ ಕಾಟವಿರಲಿಲ್ಲ. ಆಸ್ಟಡ್ ದ್ವೀಪದವಕ್ಕೂ ಮುಖ್ಯಭೂಮಿಯವಕ್ಕೂ ರೇಡಿಯೊ ಪಟ್ಟಿ ಕಟ್ಟಿ ಹಿಂಬಾಲಿಸಿದರು. ದ್ವೀಪದವು ಒಂದು ಸೂಲಿನಲ್ಲಿ ಹಾಕುತ್ತಿದ್ದ ಮರಿಗಳು ಕಡಿಮೆ, ಆದರೆ ಅವು ಹೆಚ್ಚು ಕಾಲ ಬದುಕುತ್ತಿದ್ದವು. ಬಾಲದ ಸ್ನಾಯುರಜ್ಜು ವಯಸ್ಸಾದಂತೆ ಬಿಗಿಯಾಗುತ್ತ ಹೋಗುತ್ತದೆ. ಆ ಬಿಗಿತವೂ ದ್ವೀಪದವುಗಳಲ್ಲಿ ನಿಧಾನವಾಗಿ ಏರುತ್ತಿತ್ತು. ಅಪಾಯ ತಗ್ಗಿದೆಡೆ ಮುಪ್ಪೇ ತಡವಾಗಿ ಬರುತ್ತಿತ್ತು.

ಈ ರಿಪೇರಿಯ ವ್ಯತ್ಯಾಸ ಜೀವಕೋಶದೊಳಗೂ ಕಾಣುತ್ತದೆ. ಬ್ರಿಟನ್ನಿನ ಸ್ಯಾಂಗರ್ ಸಂಸ್ಥೆಯವರು 2022ರಲ್ಲಿ 16 ಸಸ್ತನಿಗಳ ಕರುಳಿನ ಕೋಶಗಳನ್ನು ಹೋಲಿಸಿದರು. ಇಲಿಯ ಒಂದು ಕೋಶದ ಡಿಎನ್‌ಎಯಲ್ಲಿ ವರ್ಷಕ್ಕೆ ಸುಮಾರು 800 ಹೊಸ ತಪ್ಪುಗಳು ಸೇರುತ್ತಿದ್ದವು, ಮನುಷ್ಯನಲ್ಲಿ ಸುಮಾರು 47. ಆಯುಸ್ಸು ಮುಗಿಯುವ ಹೊತ್ತಿಗೆ ಮಾತ್ರ ಬೇರೆ ಬೇರೆ ಪ್ರಾಣಿಗಳ ಒಟ್ಟು ಲೆಕ್ಕ ಹೆಚ್ಚುಕಡಿಮೆ ಸಮಸಮವಾಗುತ್ತಿತ್ತು. ಬೋಹೆಡ್ ತಿಮಿಂಗಿಲದ ಕೋಶಗಳಂತೂ ತುಂಡಾದ ಡಿಎನ್‌ಎ ಎಳೆಗಳನ್ನು ಮನುಷ್ಯನ ಕೋಶಗಳಿಗಿಂತ ಅಚ್ಚುಕಟ್ಟಾಗಿ ಜೋಡಿಸುತ್ತವೆ.

ಈ ತಪ್ಪುಗಳೇ ಮುಪ್ಪಿನ ಏಕೈಕ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಇಲಿಯನ್ನು ಎಷ್ಟೇ ಜೋಪಾನ ಮಾಡಿದರೂ ಅದು ನೂರು ವರ್ಷ ಬಾಳದು ಎಂಬುದು ಇದರಿಂದ ಅರ್ಥವಾಗುತ್ತದೆ. ಪಂಜರ ಅದನ್ನು ಗೂಬೆಯಿಂದ ಕಾಪಾಡೀತು. ಲಕ್ಷಾಂತರ ತಲೆಮಾರುಗಳ ಕಾಲ ಗೂಬೆಗೆ ಹೆದರಿ ಬಾಳಿದ ವಂಶದಿಂದ ಬಂದ ದೇಹವನ್ನು ಬದಲಿಸಲಾರದು.