ಅಡುಗೆಮನೆ ಗೋಡೆಯ ಕಸದ ಚಕ್ರ

ನಮ್ಮ ಅಡುಗೆಮನೆ ಗೋಡೆಯ ಮೇಲೆ ಒಂದು ರಟ್ಟಿನ ಚಕ್ರವಿದೆ. ಮೊಮ್ಮಗಳು ಮಾಡಿದ್ದು. ಅದರಲ್ಲಿ ನಾಲ್ಕು ಭಾಗ, ನಾಲ್ಕು ವಾರಕ್ಕೆ ನಾಲ್ಕು ಕೆಲಸ. ಪ್ರತಿ ಭಾನುವಾರ ಮುಳ್ಳನ್ನು ಒಂದು ಮನೆ ಮುಂದಕ್ಕೆ ತಿರುಗಿಸುತ್ತೇವೆ. ಲೆಕ್ಕದ ಪುಸ್ತಕ ಮಾತ್ರ ನನ್ನದು, ಬ್ಯಾಂಕಿನಲ್ಲಿ ಬಂದ ಚಟ ಬಿಡುವುದಿಲ್ಲ.

ಮೊದಲ ವಾರ ಏನನ್ನೂ ಬದಲಿಸಲಿಲ್ಲ, ತೂಗಿದೆವು ಅಷ್ಟೆ. ಕೊಕ್ಕೆಗೆ ಬಕೆಟ್ ಸಿಕ್ಕಿಸುವ ಸಣ್ಣ ತಕ್ಕಡಿ ಸಾಕು. ಖಾಲಿ ಬಕೆಟ್ಟೇ 400 ಗ್ರಾಂ ಇತ್ತು. ಅದನ್ನು ದಿನಾ ಕಳೆಯದಿದ್ದರೆ ವಾರಕ್ಕೆ 2 ಕಿಲೋ 800 ಗ್ರಾಂ ಸುಳ್ಳು ಕಸ ಸೇರುತ್ತದೆ! ಐದು ಜನರ ನಮ್ಮ ಮನೆಯಲ್ಲಿ ಆ ವಾರದ ಹಸಿ ಕಸ 7 ಕಿಲೋ. ಅದರಲ್ಲಿ ಉಳಿದ ಅನ್ನ, ಸಾರು ಸುಮಾರು ಒಂದು ಕಿಲೋ, ಉಳಿದದ್ದು ಸಿಪ್ಪೆ, ಕಾಫಿ ಚರಟ, ತರಕಾರಿ ತೊಟ್ಟು.

ಎರಡನೇ ವಾರದ ಕೆಲಸ, ಅಕ್ಕಿಯನ್ನು ಅಳೆದೇ ಹಾಕುವುದು. ತೂಕ 5 ಕಿಲೋ 800 ಗ್ರಾಮಿಗೆ ಇಳಿಯಿತು. "ಅಜ್ಜ, ಗೆದ್ದೆವು!" ಎಂದು ಮೊಮ್ಮಗಳು ಕುಣಿದಳು. ನನಗೆ ಅನುಮಾನ. ಆ ವಾರ ಮಗ, ಸೊಸೆ ಮೂರು ದಿನ ಮದುವೆಗೆ ಹೋಗಿದ್ದರಲ್ಲ? ಐದು ಜನ ಏಳು ದಿನ ಎಂದರೆ 35. ಅದರಲ್ಲಿ ಅವರಿಬ್ಬರ ಆರು ಕಳೆದರೆ 29. ಭಾಗಿಸಿ ನೋಡಿದರೆ ತಲೆಗೆ ದಿನಕ್ಕೆ 200 ಗ್ರಾಂ, ಹಿಂದಿನ ವಾರದಷ್ಟೇ! ಇಬ್ಬರು ಇಲ್ಲದಿದ್ದರೂ ಅಕ್ಕಿಯ ಅಳತೆ ಐದು ಜನರದ್ದೇ ಇತ್ತು. ನನ್ನಾಕೆ ನಕ್ಕು ಒಪ್ಪಿಕೊಂಡರು.

ಮೂರನೇ ವಾರ ಪ್ಲಾಸ್ಟಿಕ್ ಕವರು. ಅವಕ್ಕೆ ತೂಕವೇ ಇಲ್ಲ, ಎಣಿಸಬೇಕು. ಮೊದಲ ವಾರ 31 ಇದ್ದದ್ದು ಬಟ್ಟೆ ಚೀಲ, ಡಬ್ಬಿ ಒಯ್ದ ಮೇಲೆ 17 ಆಯಿತು. ಅದರಲ್ಲಿ 14 ಹಾಲಿನವು, ಅವು ಇಳಿಯುವುದಿಲ್ಲ. ಮೂಲೆಯನ್ನು ಪೂರ್ತಿ ಕತ್ತರಿಸದೆ ತುಂಡು ಕವರಿಗೇ ಅಂಟಿಕೊಂಡಿರುವಂತೆ ಬಿಟ್ಟು, ತೊಳೆದು ಒಣಗಿಸಿ ಒಣ ಕಸಕ್ಕೆ ಹಾಕುತ್ತೇವೆ. ಚಿಕ್ಕ ತುಂಡನ್ನು ಯಾರೂ ಹೆಕ್ಕುವುದಿಲ್ಲ.

ನಾಲ್ಕನೆಯದು ಗೊಬ್ಬರದ ಮಡಕೆ. ತಳದಲ್ಲಿ ತೂತು, ಒಂದು ಹಿಡಿ ಸಿಪ್ಪೆಗೆ ಒಂದು ಹಿಡಿ ಒಣ ಎಲೆ. ವಾಸನೆ ಬಂದರೆ ತೇವ ಹೆಚ್ಚಾಗಿದೆ ಎಂದರ್ಥ. ಇನ್ನಷ್ಟು ಎಲೆ ಹಾಕಿ ಕೆದಕಬೇಕು. ಗಾಡಿಗೆ ಹೋದದ್ದು 1 ಕಿಲೋ 400 ಗ್ರಾಂ ಮಾತ್ರ. ಮೊಮ್ಮಗಳು ಚಕ್ರದ ಕೆಳಗೆ "ಶೂನ್ಯ ಕಸದ ಮನೆ" ಎಂದು ಬಣ್ಣದಲ್ಲಿ ಬರೆದೇಬಿಟ್ಟಳು.

ನಾನು ಪುಸ್ತಕ ತೋರಿಸಿದೆ. ಮಡಕೆಗೆ 5 ಕಿಲೋ 600 ಗ್ರಾಂ ಬಿದ್ದಿದೆ. ಕೂಡಿಸಿದರೆ ಮತ್ತೆ 7 ಕಿಲೋ! ಕಸ ಹುಟ್ಟುವುದು ಕಡಿಮೆಯಾಗಿಲ್ಲ, ಹೋಗುವ ಜಾಗ ಬದಲಾಗಿದೆ. ಅದೂ ಒಳ್ಳೆಯದೇ, ಆದರೆ ಬೇರೆ ಖಾತೆ. ಅಂದಿನಿಂದ "ಹುಟ್ಟಿದ್ದು", "ಗಾಡಿಗೆ ಹೋದದ್ದು" ಎಂದು ಎರಡು ಕಲಂ ಎಳೆದೆವು.

ಚಕ್ರ ಎರಡನೇ ಸುತ್ತಿಗೆ ಬಂತು. ಅಕ್ಕಿಯ ವಾರದಲ್ಲಿ ಊಟಕ್ಕೆ ಎಷ್ಟು ಜನ ಎಂದು ಕೇಳಿಯೇ ಅಳೆದರು. ಉಳಿದ ಅನ್ನ 300 ಗ್ರಾಮಿಗೆ ಇಳಿಯಿತು, ಹುಟ್ಟಿದ ಕಸ 6 ಕಿಲೋ 300 ಗ್ರಾಂ. ಐವರೂ ಮನೆಯಲ್ಲೇ ಇದ್ದೆವು. ಮೊಮ್ಮಗಳು ಹಳೆಯ ಬರಹದ ಮೇಲೆ ಬಿಳಿ ಕಾಗದ ಅಂಟಿಸಿ ಬರೆದಳು: "ಈ ವಾರ ತಲೆಗೆ ದಿನಕ್ಕೆ 180 ಗ್ರಾಂ."