ಬೆಂಕಿ ಆರಿತು, ಕಿಡಿ ಉಳಿಯಿತು

1958ರಲ್ಲಿ ಡಾನ್ ನೆಲ್ಸನ್ ಎಂಬ ಅಮೆರಿಕದ ವೈದ್ಯರು ಮತ್ತವರ ಸಂಗಡಿಗರು 33 ವರ್ಷದ ಮಹಿಳೆಯೊಬ್ಬರ ಪ್ರಕರಣವನ್ನು ವರದಿ ಮಾಡಿದರು. ಕುಶಿಂಗ್ ಕಾಯಿಲೆಗಾಗಿ ಆಕೆಯ ಎರಡೂ ಅಡ್ರಿನಲ್ ಗ್ರಂಥಿಗಳನ್ನು ತೆಗೆದು ಮೂರು ವರ್ಷವಾಗಿತ್ತು. ಆಕೆಯ ಮೈಬಣ್ಣ ಕಪ್ಪಾಗತೊಡಗಿತ್ತು, ದೃಷ್ಟಿ ಕುಗ್ಗಿತ್ತು. ನೋಡಿದರೆ ಪಿಟ್ಯುಟರಿಯಲ್ಲಿ ದೊಡ್ಡ ಗೆಡ್ಡೆ.

ಕುಶಿಂಗ್ ಕಾಯಿಲೆಯ ಮೂಲವೇ ಅಲ್ಲಿ, ಮಿದುಳಿನ ಬುಡದಲ್ಲಿರುವ ಪುಟ್ಟ ಪಿಟ್ಯುಟರಿಯಲ್ಲಿ. ಅದರ ಗೆಡ್ಡೆ ಎಸಿಟಿಎಚ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಮೂತ್ರಪಿಂಡಗಳ ಮೇಲೆ ಕೂತ ಅಡ್ರಿನಲ್‌ಗಳು ಅದನ್ನು ಪಾಲಿಸಿ ಕಾರ್ಟಿಸಾಲನ್ನು ಮಿತಿಮೀರಿ ತಯಾರಿಸುತ್ತವೆ. ಗೆಡ್ಡೆಯನ್ನು ತೆಗೆದೂ ರೋಗ ಹತೋಟಿಗೆ ಬಾರದಿದ್ದರೆ ಕೊನೆಗೆ ಅಡ್ರಿನಲ್‌ಗಳನ್ನೇ ತೆಗೆಯುವುದುಂಟು. ಕಾರ್ಟಿಸಾಲ್ ನಿಲ್ಲುತ್ತದೆ, ಜೀವ ಉಳಿಯುತ್ತದೆ. ಆದರೆ ಆ ಅಧಿಕ ಕಾರ್ಟಿಸಾಲೇ ಅಲ್ಪಸ್ವಲ್ಪವಾದರೂ ಗೆಡ್ಡೆಗೆ ಲಗಾಮಾಗಿತ್ತು. ಲಗಾಮು ಕಳಚಿದ ಮೇಲೆ ಕೆಲವರಲ್ಲಿ ಉಳಿದ ಗೆಡ್ಡೆ ಬೆಳೆಯುತ್ತದೆ. ಇದೇ ನೆಲ್ಸನ್ ಸಿಂಡ್ರೋಮ್.

ಮೈ ಕಪ್ಪಾಗುವವರೆಗೆ ಈಗ ಯಾರೂ ಕಾಯುವುದಿಲ್ಲ. ಶಸ್ತ್ರಚಿಕಿತ್ಸೆಯಾದ ಸುಮಾರು ಮೂರು ತಿಂಗಳಿಗೆ ಮೊದಲ ಎಂಆರ್‌ಐ, ಆಮೇಲೆ ಮೂರು ವರ್ಷ ವರ್ಷಕ್ಕೊಂದು, ಮುಂದೆ ಎರಡರಿಂದ ನಾಲ್ಕು ವರ್ಷಕ್ಕೊಮ್ಮೆ ಎಂಬುದು ತಜ್ಞರು ಒಪ್ಪಿರುವ ಕ್ರಮ. ಜೊತೆಗೆ ರಕ್ತದಲ್ಲಿ ಎಸಿಟಿಎಚ್ ಪರೀಕ್ಷೆ.

ಮೋಸ ಹೋಗುವುದು ಈ ಎರಡನೆಯದರಲ್ಲಿ. ಅಡ್ರಿನಲ್ ಇಲ್ಲದವರಲ್ಲಿ ಗೆಡ್ಡೆ ಬೆಳೆಯದಿದ್ದರೂ ಎಸಿಟಿಎಚ್ ಹೆಚ್ಚೇ ಇರುತ್ತದೆ. ಬೆಳಗಿನ ಹೈಡ್ರೊಕಾರ್ಟಿಸೋನ್ ಮಾತ್ರೆಗೆ ಮುಂಚೆ ಒಂದು ಅಂಕಿ, ನುಂಗಿದ ಎರಡು ಗಂಟೆಯ ಮೇಲೆ ಬೇರೆಯದೇ ಅಂಕಿ. ಹಾಗಾಗಿ ಪ್ರತಿ ಸಲವೂ ಮಾತ್ರೆಗೂ ರಕ್ತಕ್ಕೂ ನಡುವಿನ ಅಂತರ ಒಂದೇ ಇರಬೇಕು, ಸಾಧ್ಯವಾದರೆ ಲ್ಯಾಬೂ ಅದೇ ಇರಬೇಕು. ಒಂದು ಅಂಕಿಯಿಂದ ಏನೂ ತಿಳಿಯದು. ವರ್ಷದಿಂದ ವರ್ಷಕ್ಕೆ ಏರುತ್ತಿದೆಯೇ ಎಂಬುದು ಮುಖ್ಯ. ಅಂಕಿ ಇಳಿಸಲೆಂದು ಮಾತ್ರೆ ಹೆಚ್ಚಿಸಿಕೊಂಡರೆ ಕುಶಿಂಗ್ ಲಕ್ಷಣಗಳೇ ಮತ್ತೆ ಮರಳುತ್ತವೆ.

ಸ್ಕ್ಯಾನಿನಲ್ಲೂ ಒಂದು ಸೂಕ್ಷ್ಮವಿದೆ. ಒಬ್ಬ ರೋಗಿಯನ್ನು ಊಹಿಸಿಕೊಳ್ಳಿ: ಮೊದಲ ಚಿತ್ರದಲ್ಲಿ ಗೆಡ್ಡೆ 3 ಮಿಲಿಮೀಟರ್, ಮರುವರ್ಷ 4, ಅದರ ಮರುವರ್ಷ 5. ಪ್ರತಿ ವರದಿಯೂ ಕಳೆದ ವರ್ಷದ ಚಿತ್ರದ ಜೊತೆಗಷ್ಟೇ ಹೋಲಿಸಿ ‘ಗಮನಾರ್ಹ ಬದಲಾವಣೆ ಇಲ್ಲ’ ಎನ್ನಬಹುದು. ಮೊದಲ ಚಿತ್ರದ ಪಕ್ಕದಲ್ಲಿಟ್ಟರೆ ಬೆಳವಣಿಗೆ ಎದ್ದು ಕಾಣುತ್ತದೆ. ಆ ಹಳೆಯ ಸಿ.ಡಿ.ಯನ್ನು ಎಸೆಯಬೇಡಿ ಎನ್ನುವುದು ಇದಕ್ಕೇ.

ಎಸಿಟಿಎಚ್ ತೀರಾ ಏರಿದಾಗ ವಸಡು, ಬೆರಳಗಂಟು, ಹಳೆಯ ಗಾಯದ ಕಲೆಗಳು ಕಪ್ಪಾಗುತ್ತವೆ. ನಮ್ಮ ಮೈಬಣ್ಣದಲ್ಲಿ ಇದು ಬೇಗ ಗೊತ್ತಾಗುವುದಿಲ್ಲ. ಹಳೆಯ ಫೋಟೊ ಪಕ್ಕದಲ್ಲಿಟ್ಟು ನೋಡಬೇಕು. ಮಾತ್ರೆ ಸಾಲದಿದ್ದರೂ ಮೈ ಕಪ್ಪಾಗಬಹುದು, ಹಾಗಾಗಿ ಡೋಸನ್ನೂ ಪರಿಶೀಲಿಸುತ್ತಾರೆ.

ಗೆಡ್ಡೆ ಮೇಲಕ್ಕೆ ಬೆಳೆದು ಕಣ್ಣಿನ ನರಗಳು ಕತ್ತರಿಸುವ ಜಾಗವನ್ನು ಒತ್ತಿದರೆ ಎರಡೂ ಪಕ್ಕದ ನೋಟ ಮಸುಕಾಗುತ್ತದೆ. ಪಕ್ಕಕ್ಕೆ ಚಾಚಿ ದೊಡ್ಡ ರಕ್ತನಾಳವಿರುವ ಜಾಗವನ್ನು ಹೊಕ್ಕಿತೆಂದರೆ ಪೂರ್ತಿ ತೆಗೆಯುವುದು ಕಷ್ಟ, ಆಗ ವಿಕಿರಣ ಚಿಕಿತ್ಸೆಯೂ ಬೇಕಾಗಬಹುದು. ಚಿಕ್ಕದಿರುವಾಗಲೇ ಸಿಕ್ಕರೆ ಮೂಗಿನ ಮೂಲಕ ತೆಗೆದುಬಿಡಲು ಸಾಧ್ಯ.